ನೇರ ಗೆರೆ ಅಲೆಯಾಗಿ ಕಂಡಾಗ: ಮ್ಯಾಕ್ಯುಲಾದ ರಂಧ್ರಕ್ಕೆ ಆಪರೇಷನ್ ಯಾವಾಗ, ಮೆಂಬ್ರೇನ್‌ಗೆ ಯಾವಾಗ

ಮೊದಲು ಈ ಸಭೆಯಲ್ಲಿ ಕೂತಲ್ಲೇ ಒಂದು ಪರೀಕ್ಷೆ ಮಾಡಿಬಿಡೋಣ. ದೂರದ ಕನ್ನಡಕ ಇದ್ದವರು ಹಾಕಿಕೊಂಡೇ ಇರಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ. ಒತ್ತಬೇಡಿ, ಒತ್ತಿದರೆ ಆಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ. ಈಗ ಆ ಬಾಗಿಲಿನ ಚೌಕಟ್ಟಿನ ಉದ್ದನೆಯ ಅಂಚನ್ನೇ ನೋಡಿ. ಅದು ಮೇಲಿಂದ ಕೆಳಗಿನವರೆಗೆ ನೇರವಾಗಿದೆಯೇ? ನಡುವೆ ಎಲ್ಲಾದರೂ ಸೊಟ್ಟಗಾಗಿದೆಯೇ, ತುಂಡಾಗಿದೆಯೇ? ಈಗ ಇನ್ನೊಂದು ಕಣ್ಣಿನಲ್ಲಿ ನೋಡಿ.

ಒಂದೊಂದೇ ಕಣ್ಣಿನಲ್ಲಿ ನೋಡಿ ಅಂದದ್ದಕ್ಕೆ ಕಾರಣವಿದೆ. ಎರಡೂ ಕಣ್ಣು ತೆರೆದಿದ್ದಾಗ ಮೆದುಳು ಚೆನ್ನಾಗಿರುವ ಕಣ್ಣಿನ ಚಿತ್ರವನ್ನೇ ನಂಬುತ್ತದೆ. ಕೆಟ್ಟ ಕಣ್ಣಿನ ಚಿತ್ರವನ್ನು ಬದಿಗಿಡುತ್ತದೆ. ಹಾಗಾಗಿ ಒಂದು ಕಣ್ಣಿನ ನಡುಭಾಗದಲ್ಲಿ ರಂಧ್ರವಾಗಿ ತಿಂಗಳುಗಳು ಕಳೆದಿದ್ದರೂ ಅದು ಗೊತ್ತೇ ಆಗಿರುವುದಿಲ್ಲ. ಒಂದು ದಿನ ಇನ್ನೊಂದು ಕಣ್ಣಿಗೆ ಧೂಳು ಬಿದ್ದು ಉಜ್ಜುವಾಗ ಥಟ್ಟನೆ ತಿಳಿಯುತ್ತದೆ. ಅಂಥವರು ವೈದ್ಯರ ಬಳಿ ಬಂದು ಹೇಳುವುದು "ನಿನ್ನೆಯಿಂದ ಹೀಗಾಗಿದೆ" ಎಂದು. ಸ್ಕ್ಯಾನ್ ನೋಡಿದರೆ ಅದು ನಿನ್ನೆಯದಲ್ಲ.

ಮನೆಯಲ್ಲಿ ಇನ್ನೂ ಕರಾರುವಾಕ್ಕಾಗಿ ನೋಡಬೇಕಾದರೆ ಆಮ್ಸ್ಲರ್ ಚೌಕಳಿ ಇದೆ. ಹತ್ತು ಸೆಂಟಿಮೀಟರಿನ ಒಂದು ಚೌಕ, ಅದರೊಳಗೆ ಐದೈದು ಮಿಲಿಮೀಟರಿಗೆ ಗೆರೆಗಳು, ನಟ್ಟನಡುವೆ ಒಂದು ಚುಕ್ಕೆ. ಇದನ್ನು ಓದುವ ಕನ್ನಡಕ ಹಾಕಿಕೊಂಡು, ಸುಮಾರು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ಬಹಳ ಜನ ಮಾಡುವ ತಪ್ಪೆಂದರೆ ಕಣ್ಣನ್ನು ಗೆರೆಗಳ ಮೇಲೆ ಓಡಿಸುವುದು. ಕಣ್ಣು ಚುಕ್ಕೆಯ ಮೇಲೇ ಇರಬೇಕು, ಸುತ್ತಲಿನ ಗೆರೆಗಳನ್ನು ಅಲ್ಲಿಂದಲೇ ಗಮನಿಸಬೇಕು. ಸೊಟ್ಟ ಕಂಡ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ದಿನಾಂಕ ಬರೆದಿಡಿ. ಆ ಹಾಳೆ ವೈದ್ಯರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಗೆರೆ ಏಕೆ ಸೊಟ್ಟಗಾಗುತ್ತದೆ? ಕಣ್ಣಿನ ಹಿಂಭಾಗದ ಒಳಗೋಡೆಗೆ ಹಾಸಿದಂತಿರುವ ಪದರ ರೆಟಿನಾ, ಅಂದರೆ ಅಕ್ಷಿಪಟಲ. ಅದರ ನಡುವಿನ ಐದೂವರೆ ಮಿಲಿಮೀಟರಿನಷ್ಟು ಜಾಗ ಮ್ಯಾಕ್ಯುಲಾ. ನಾವು ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ನಟ್ಟನಡುವಿನ ಸಣ್ಣ ಗುಳಿಯಿಂದ. ಅಲ್ಲಿನ ಪ್ರತಿಯೊಂದು ಬೆಳಕಿನ ಕೋಶಕ್ಕೂ ಮೆದುಳಿನಲ್ಲಿ ಒಂದು ವಿಳಾಸ ನಿಗದಿಯಾಗಿದೆ. ಈ ಕೋಶಕ್ಕೆ ಬೆಳಕು ಬಿದ್ದರೆ ವಸ್ತು ನಡುವಿನಲ್ಲಿದೆ, ಆ ಕೋಶಕ್ಕೆ ಬಿದ್ದರೆ ತುಸು ಎಡಕ್ಕಿದೆ ಎಂದು ಮೆದುಳು ಓದಿಕೊಳ್ಳುತ್ತದೆ. ಕೋಶ ತನ್ನ ಜಾಗದಿಂದ ಸರಿದರೂ ಮೆದುಳು ಹಳೆಯ ವಿಳಾಸವನ್ನೇ ಹಿಡಿದಿರುತ್ತದೆ. ಗೆರೆ ಸೊಟ್ಟಗೆ ಕಾಣುವುದು ಇದರಿಂದ. ಕನ್ನಡಕದ ನಂಬರು ಬದಲಿಸಿದರೆ ಇದು ಹೋಗುವುದಿಲ್ಲ, ಏಕೆಂದರೆ ಚಿತ್ರ ಸರಿಯಾಗಿಯೇ ಬೀಳುತ್ತಿದೆ. ಅದು ಬೀಳುವ ಪರದೆ ಎಳೆದುಹೋಗಿದೆ.

ಈ ಎಳೆತ ಬರುವುದು ಹೆಚ್ಚಾಗಿ ಕಣ್ಣಿನೊಳಗಿನ ಜೆಲ್‌ನಿಂದ. ಕಣ್ಣುಗುಡ್ಡೆಯ ಒಳಗೆ ಸುಮಾರು ನಾಲ್ಕು ಮಿಲಿಲೀಟರಿನಷ್ಟು ವಿಟ್ರಿಯಸ್ ಎಂಬ ತಿಳಿ ಜೆಲ್ ಇದೆ. ವಯಸ್ಸಾದಂತೆ ಅದು ನೀರಾಗುತ್ತಾ, ಕುಗ್ಗುತ್ತಾ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಐವತ್ತು ಅರವತ್ತು ದಾಟಿದ ಬಹುತೇಕರಿಗೆ ಇದು ಆಗುವಂಥದ್ದೇ, ರೋಗವಲ್ಲ. ಆದರೆ ಬಿಟ್ಟುಕೊಳ್ಳುವುದು ಎಲ್ಲ ಕಡೆ ಒಂದೇ ಸಲಕ್ಕೆ ಆಗುವುದಿಲ್ಲ. ಸುತ್ತಲೂ ಬಿಟ್ಟು ನಡುವಿನ ಗುಳಿಗೆ ಮಾತ್ರ ಜೆಲ್ ಅಂಟಿಕೊಂಡಿದ್ದರೆ ಅಲ್ಲಿ ಎಳೆತ ಬೀಳುತ್ತದೆ. ಮೊದಲು ಗುಳಿಯ ತಳ ಮೇಲೇಳುತ್ತದೆ, ಕೊನೆಗೆ ಹರಿಯುತ್ತದೆ. ಇದು ಮ್ಯಾಕ್ಯುಲಾದ ರಂಧ್ರ. ಇನ್ನು ಕೆಲವರಲ್ಲಿ ಜೆಲ್ ಪೂರ್ತಿ ಬಿಟ್ಟುಕೊಂಡರೂ ಹೋಗುವಾಗ ಕೆಲವು ಕೋಶಗಳನ್ನು ರೆಟಿನಾದ ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ಅವು ಹರಡಿ ಒಂದು ಪಾರದರ್ಶಕ ಪದರವಾಗುತ್ತವೆ. ಆ ಪದರ ಕಾಲಕ್ರಮದಲ್ಲಿ ಕುಗ್ಗುತ್ತದೆ. ಕಾಗದದ ಮೇಲೆ ಹಚ್ಚಿದ ಅಂಟು ಒಣಗಿದಾಗ ಕಾಗದ ಸುಕ್ಕಾಗುವುದಿಲ್ಲವೇ, ಹಾಗೆ ಕೆಳಗಿನ ರೆಟಿನಾ ಸುಕ್ಕಾಗುತ್ತದೆ. ಇದು ಎಪಿರೆಟಿನಲ್ ಮೆಂಬ್ರೇನ್. ಇಲ್ಲಿಂದ ಮುಂದೆ ಬರೀ ಮೆಂಬ್ರೇನ್ ಅನ್ನುತ್ತೇನೆ. ಲೆನ್ಸಿಗೆ ಬರುವ ಕಣ್ಣಿನ ಪೊರೆಗೂ ಇದಕ್ಕೂ ಸಂಬಂಧವಿಲ್ಲ. ಅದು ಕಣ್ಣಿನ ಮುಂಭಾಗದ್ದು, ಇದು ಹಿಂಭಾಗದ್ದು. ರೆಟಿನಾ ಹರಿದಿದ್ದವರಲ್ಲಿ, ರಕ್ತನಾಳ ಕಟ್ಟಿಕೊಂಡವರಲ್ಲಿ, ಸಕ್ಕರೆ ಕಾಯಿಲೆಯ ರೆಟಿನಾದಲ್ಲಿ, ಕಣ್ಣಿನೊಳಗೆ ಉರಿಯೂತ ಆಗಿದ್ದವರಲ್ಲಿಯೂ ಮೆಂಬ್ರೇನ್ ಬೆಳೆಯುತ್ತದೆ. ಅಲ್ಲಿ ಮೂಲ ಕಾಯಿಲೆಯನ್ನೂ ನೋಡಬೇಕಾಗುತ್ತದೆ.

ಎರಡರಲ್ಲೂ ಗೆರೆ ಸೊಟ್ಟಗಾಗುತ್ತದೆ, ಆದರೆ ಸೊಟ್ಟಗಾಗುವ ರೀತಿ ಬೇರೆ. ರಂಧ್ರದಲ್ಲಿ ನಡುವಿನ ಕೋಶಗಳು ಸುತ್ತ ಹೊರಗೆ ಸರಿದಿರುತ್ತವೆ. ಅವು ಈಗ ಹೊರಗಿನ ಬೆಳಕನ್ನು ಹಿಡಿಯುತ್ತಿದ್ದರೂ ಅವುಗಳ ವಿಳಾಸ ನಡುವಿನದೇ. ಹಾಗಾಗಿ ವಸ್ತುಗಳು ನಡುವಿಗೆ ಸೆಳೆದುಕೊಂಡ ಹಾಗೆ ಕಾಣುತ್ತವೆ. ಕಿಟಕಿಯ ಸರಳು ನಡುವೆ ಚಿವುಟಿದಂತಿದೆ, ಎದುರಿನವರ ಮೂಗು ಸಣ್ಣದಾಗಿದೆ ಅಥವಾ ಇಲ್ಲವೇ ಇಲ್ಲ, ಓದುವಾಗ ಪದದ ಒಂದಕ್ಷರ ನುಂಗಿದಂತಾಗುತ್ತದೆ ಎನ್ನುತ್ತಾರೆ. ಮೆಂಬ್ರೇನ್‌ನಲ್ಲಿ ಬಹಳ ಸಲ ಇದರ ತಿರುಗುಮುರುಗು. ಕೋಶಗಳು ನಡುವಿಗೆ ಎಳೆದುಕೊಂಡಿರುತ್ತವೆ. ಆದ್ದರಿಂದ ಆ ಕಣ್ಣಿಗೆ ಅಕ್ಷರ ದೊಡ್ಡದಾಗಿ, ಗೆರೆ ಅಲೆ ಅಲೆಯಾಗಿ ಕಾಣುತ್ತದೆ, ಆದರೆ ತುಂಡಾಗಿರುವುದಿಲ್ಲ. ಒಂದು ಕಣ್ಣಿಗೆ ದೊಡ್ಡದು, ಇನ್ನೊಂದಕ್ಕೆ ಸಣ್ಣದು ಕಂಡರೆ ಮೆದುಳಿಗೆ ಅವೆರಡನ್ನು ಕೂಡಿಸಲಾಗದೆ ಕೆಲವರಿಗೆ ಎರಡೆರಡು ಕಾಣುತ್ತದೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಗೆರೆ ಸೊಟ್ಟಗಾದರೆ ಅದು ಈ ಎರಡರಲ್ಲೇ ಒಂದು ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ವಯಸ್ಸಿನಿಂದ ಬರುವ ಮ್ಯಾಕ್ಯುಲಾದ ಸವೆತದಲ್ಲಿ, ರೆಟಿನಾದ ಕೆಳಗೆ ಹೊಸ ರಕ್ತನಾಳ ಹುಟ್ಟಿ ಸೋರುವ ಬಗೆಯಲ್ಲೂ ಮೊದಲ ಲಕ್ಷಣ ಇದೇ. ಅದಕ್ಕೆ ಬೇಕಿರುವುದು ಕಣ್ಣಿನೊಳಗೆ ಇಂಜೆಕ್ಷನ್, ಅದೂ ತಡವಿಲ್ಲದೆ. ವಾರಗಟ್ಟಲೆ ಕಾದರೆ ಕಳೆದುಹೋದ ದೃಷ್ಟಿ ವಾಪಸು ಬರುವುದಿಲ್ಲ. ಹಾಗಾಗಿ ಹೊಸದಾಗಿ ಗೆರೆ ಸೊಟ್ಟಗಾದರೆ ಕೆಲವೇ ದಿನಗಳೊಳಗೆ ರೆಟಿನಾ ಪರೀಕ್ಷೆ ಆಗಬೇಕು. ಮಿಂಚು ಹೊಡೆದಂತೆ, ಹೊಸ ಕಪ್ಪು ಚುಕ್ಕೆಗಳ ಮಳೆ, ಬದಿಯಿಂದ ಪರದೆ ಬಿದ್ದಂತೆ ಕಂಡರೆ ಅವತ್ತೇ ಹೋಗಬೇಕು, ಅದು ರೆಟಿನಾ ಹರಿದು ಕಳಚಿಕೊಳ್ಳುತ್ತಿರುವ ಸೂಚನೆ ಇರಬಹುದು.

ಇವುಗಳನ್ನು ಬೇರ್ಪಡಿಸಿ ತೋರಿಸುವುದು ಒಸಿಟಿ ಸ್ಕ್ಯಾನ್. ಬೆಳಕಿನಿಂದಲೇ ರೆಟಿನಾವನ್ನು ಅಡ್ಡ ಸೀಳಿದಂತೆ ತೋರಿಸುತ್ತದೆ. ನೋವಿಲ್ಲ, ಮುಟ್ಟುವುದಿಲ್ಲ, ಕೆಲವೇ ನಿಮಿಷ. ಸ್ಕ್ಯಾನ್ ಆದ ಮೇಲೆ ವೈದ್ಯರಲ್ಲಿ ಎರಡು ಪ್ರಶ್ನೆ ಕೇಳಿ. ರಂಧ್ರವಾಗಿದ್ದರೆ ಅದರ ಅತಿ ಕಿರಿದಾದ ಅಗಲ ಎಷ್ಟು ಮೈಕ್ರಾನ್? ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. 250ರವರೆಗೆ ಸಣ್ಣದು, 250ರಿಂದ 400 ಮಧ್ಯಮ, 400 ದಾಟಿದರೆ ದೊಡ್ಡದು. ಎರಡನೆಯದು, ಹೊರಗಿನ ಬೆಳಕಿನ ಕೋಶಗಳ ಸಾಲು ಅಖಂಡವಾಗಿದೆಯೇ? ಆಪರೇಷನ್ನಿನಿಂದ ಎಷ್ಟು ದೃಷ್ಟಿ ನಿರೀಕ್ಷಿಸಬಹುದು ಎನ್ನುವುದು ಬಹುಮಟ್ಟಿಗೆ ಈ ಎರಡನೆಯ ಉತ್ತರದಲ್ಲಿದೆ. ಒಂದು ಸಣ್ಣ ವಿಷಯ: ಮೆಂಬ್ರೇನ್ ಗುಳಿಯ ಸುತ್ತ ಬಿಗಿದುಕೊಂಡಾಗ ನೇರವಾಗಿ ನೋಡಿದರೆ ರಂಧ್ರದಂತೆಯೇ ಕಾಣುತ್ತದೆ, ಆದರೆ ತಳ ಹರಿದಿರುವುದಿಲ್ಲ. ಇದನ್ನು ಸುಳ್ಳು ರಂಧ್ರ ಎನ್ನುತ್ತೇವೆ. ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಕಿರಿದಾದ ಬೆಳಕಿನ ಪಟ್ಟಿಯನ್ನು ಅದರ ಮೇಲೆ ಬಿಟ್ಟು "ಪಟ್ಟಿ ತುಂಡಾಗಿದೆಯೇ?" ಎಂದು ಕೇಳಿದರೆ ನಿಜ ರಂಧ್ರ ಇರುವವರು ನಡುವೆ ಖಾಲಿ ಎನ್ನುತ್ತಾರೆ, ಸುಳ್ಳು ರಂಧ್ರದವರು ಸೊಟ್ಟಗಿದೆ ಆದರೆ ತುಂಡಾಗಿಲ್ಲ ಎನ್ನುತ್ತಾರೆ. ಆದರೂ ಕೊನೆಯ ಮಾತು ಸ್ಕ್ಯಾನಿನದು.

ಈಗ ಇವತ್ತಿನ ಮುಖ್ಯ ಮಾತು. ಎರಡಕ್ಕೂ ಆಪರೇಷನ್ ಬಹುತೇಕ ಒಂದೇ, ಆದರೆ ಗಡಿಯಾರ ಬೇರೆ. ರಂಧ್ರದಲ್ಲಿ ಕಾಯುವುದರಿಂದ ನಷ್ಟ. ಮೆಂಬ್ರೇನ್‌ನಲ್ಲಿ ಆತುರಪಟ್ಟರೆ ನಷ್ಟ.

ರಂಧ್ರವನ್ನು ಮೊದಲು ನೋಡೋಣ. ಗುಳಿ ಎಳೆದುಕೊಂಡಿದ್ದು ಇನ್ನೂ ಪೂರ್ತಿ ಹರಿಯದಿದ್ದರೆ ಸುಮಾರು ಅರ್ಧದಷ್ಟು ಜನರಲ್ಲಿ ಜೆಲ್ ತಾನೇ ಬಿಟ್ಟುಕೊಂಡು ಸರಿಹೋಗುತ್ತದೆ. ಅಲ್ಲಿ ಕೆಲವು ವಾರ ಕಾದು ಮತ್ತೆ ಸ್ಕ್ಯಾನ್ ಮಾಡುವುದು ಸರಿ. ಆದರೆ ಪೂರ್ತಿ ದಪ್ಪದ ರಂಧ್ರ ತಾನಾಗಿ ಮುಚ್ಚುವುದು ಅಪರೂಪ, ಮುಚ್ಚಿದರೂ ತೀರಾ ಸಣ್ಣವು ಮಾತ್ರ. ಉಳಿದವು ಅಗಲವಾಗುತ್ತಾ ಹೋಗುತ್ತವೆ. ಅಂಚಿನ ಕೋಶಗಳು ನೀರಿನಲ್ಲಿ ಊದಿಕೊಂಡು ತಳದಿಂದ ಎದ್ದು ನಿಂತಿರುತ್ತವೆ. ಎಷ್ಟು ದಿನ ಹಾಗಿರುತ್ತವೋ ಅಷ್ಟು ಕೋಶಗಳು ಹಾಳಾಗುತ್ತವೆ. 1991ಕ್ಕೆ ಮೊದಲು ಇದಕ್ಕೆ ಏನೂ ಮಾಡಲಾಗುವುದಿಲ್ಲ ಎಂದೇ ನಂಬಿದ್ದರು. ಆ ವರ್ಷ ಕೆಲ್ಲಿ ಮತ್ತು ವೆಂಡೆಲ್ ಎಂಬ ಇಬ್ಬರು ಸರ್ಜನ್ನರು 52 ಕಣ್ಣುಗಳಿಗೆ ಆಪರೇಷನ್ ಮಾಡಿ ಶೇಕಡ 58ರಲ್ಲಿ ರಂಧ್ರ ಮುಚ್ಚಿದ್ದನ್ನು ವರದಿ ಮಾಡಿದರು. ಇವತ್ತು 400 ಮೈಕ್ರಾನ್‌ಗಿಂತ ಸಣ್ಣದಿದ್ದು, ಆರು ತಿಂಗಳೊಳಗಿನದಾಗಿದ್ದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮುಚ್ಚುತ್ತವೆ.

ಒಬ್ಬರನ್ನು ಮಾದರಿಯಾಗಿಟ್ಟುಕೊಂಡು ಇದನ್ನು ಹಂತ ಹಂತವಾಗಿ ನೋಡೋಣ. ಅರವತ್ನಾಲ್ಕು ವರ್ಷದ ಮಹಿಳೆ, ಎಡಗಣ್ಣಿನಲ್ಲಿ ಎರಡು ತಿಂಗಳಿಂದ ಓದುವಾಗ ಪದದ ನಡುವಿನಕ್ಷರ ಕಾಣುತ್ತಿಲ್ಲ. ಆ ಕಣ್ಣಿನ ದೃಷ್ಟಿ 6/36. ಅಂದರೆ ಆರೋಗ್ಯವಂತ ಕಣ್ಣು ಮೂವತ್ತಾರು ಮೀಟರಿನಿಂದ ಓದುವ ಅಕ್ಷರವನ್ನು ಇವರು ಆರು ಮೀಟರಿಗೆ ಬಂದು ಓದಬೇಕು. ಸ್ಕ್ಯಾನಿನಲ್ಲಿ ಪೂರ್ತಿ ದಪ್ಪದ ರಂಧ್ರ, ಅಗಲ 340 ಮೈಕ್ರಾನ್. ಇವರಿಗೆ ಕಾಯಿರಿ ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ. ತುರ್ತು ರಾತ್ರಿ ಆಪರೇಷನ್ ಬೇಕಿಲ್ಲ, ಆದರೆ ಕೆಲವು ವಾರಗಳೊಳಗೆ ಆಗಬೇಕು.

ಆಪರೇಷನ್ನಿನ ಹೆಸರು ವಿಟ್ರೆಕ್ಟಮಿ. ಸಾಮಾನ್ಯವಾಗಿ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ, ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಕಾಗುವುದು ಕಡಿಮೆ. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ಹಿಂದೆ, ಬಿಳಿಭಾಗದಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನ ಮೂರು ತೂತು ಮಾಡುತ್ತಾರೆ. ಒಂದರಲ್ಲಿ ದ್ರವ ಒಳಬಿಟ್ಟು ಒತ್ತಡ ಕಾಯುತ್ತಾರೆ, ಒಂದರಲ್ಲಿ ದೀಪ, ಇನ್ನೊಂದರಲ್ಲಿ ಜೆಲ್ ಕತ್ತರಿಸಿ ಹೀರುವ ಉಪಕರಣ. ಜೆಲ್ ತೆಗೆದು, ರಂಧ್ರದ ಅಂಚಿಗೆ ಅಂಟಿದ್ದ ಎಳೆತವನ್ನು ಬಿಡಿಸುತ್ತಾರೆ. ಆಮೇಲೆ ನೀಲಿ ಬಣ್ಣ ಹಾಕುತ್ತಾರೆ. ರೆಟಿನಾದ ಅತಿ ಒಳಗಿನ ಪದರ ಎರಡು ಮೂರು ಮೈಕ್ರಾನ್ ದಪ್ಪದ್ದು, ಬಣ್ಣವಿಲ್ಲದೆ ಕಣ್ಣಿಗೆ ಕಾಣುವುದಿಲ್ಲ. ನೀಲಿ ಹಿಡಿದ ಆ ಪದರವನ್ನು ಸೂಕ್ಷ್ಮ ಚಿಮಟದಲ್ಲಿ ಒಂದು ಮೂಲೆ ಎತ್ತಿ, ರಂಧ್ರದ ಸುತ್ತ ವೃತ್ತಾಕಾರವಾಗಿ ಸುಲಿದು ತೆಗೆಯುತ್ತಾರೆ. ಅದು ಹೋದರೆ ರೆಟಿನಾ ಸಡಿಲವಾಗಿ, ಅಂಚುಗಳು ಹತ್ತಿರ ಬರುತ್ತವೆ. 400 ದಾಟಿದ ದೊಡ್ಡ ರಂಧ್ರಗಳಲ್ಲಿ ಕೆಲವೊಮ್ಮೆ ಈ ಪದರವನ್ನು ಪೂರ್ತಿ ಕಿತ್ತುಹಾಕದೆ, ಅಂಚಿನಲ್ಲಿ ಬಿಟ್ಟು ರಂಧ್ರದ ಮೇಲೆಯೇ ಮಗುಚಿ ಹಾಸುತ್ತಾರೆ.

ಕೊನೆಗೆ ಒಳಗಿನ ದ್ರವ ತೆಗೆದು ಅನಿಲ ತುಂಬುತ್ತಾರೆ. ರಂಧ್ರ ಮುಚ್ಚುವುದು ಈ ಗುಳ್ಳೆಯ ಅಡಿಯಲ್ಲಿ. ಗುಳ್ಳೆ ಆ ಜಾಗವನ್ನು ಒಣಗಿಟ್ಟು, ಕಣ್ಣಿನೊಳಗಿನ ದ್ರವ ಮತ್ತೆ ರಂಧ್ರದೊಳಗೆ ನುಗ್ಗದಂತೆ ತಡೆಯುತ್ತದೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುವುದು. ಮ್ಯಾಕ್ಯುಲಾ ಇರುವುದು ಕಣ್ಣಿನ ಹಿಂಭಾಗದಲ್ಲಿ. ಹಿಂಭಾಗ ಮೇಲೆ ಬರಬೇಕಾದರೆ ಮುಖ ನೆಲ ನೋಡಬೇಕು. ಮುಖ ಕೆಳಗೆ ಮಾಡಿ ಇರಿ ಎನ್ನುವುದು ಇದಕ್ಕೆ. ಎಷ್ಟು ದಿನ ಎನ್ನುವುದರಲ್ಲಿ ಸರ್ಜನ್ನರ ನಡುವೆ ಭಿನ್ನಾಭಿಪ್ರಾಯ ಇದೆ. ಸಣ್ಣ ರಂಧ್ರಕ್ಕೆ ಅಂಗಾತ ಮಲಗದಿದ್ದರೆ ಸಾಕು ಎನ್ನುವವರಿದ್ದಾರೆ. ದೊಡ್ಡ ರಂಧ್ರಕ್ಕೆ ಮೂರರಿಂದ ಏಳು ದಿನ ಮುಖ ಕೆಳಗೆ ಮಾಡಿರುವುದು ಒಳ್ಳೆಯದು. ಬೆನ್ನು, ಕುತ್ತಿಗೆ ನೋವಿರುವವರು ಇದನ್ನು ಆಪರೇಷನ್ನಿಗೆ ಮೊದಲೇ ಹೇಳಬೇಕು, ಆದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಮನೆಯಲ್ಲಿ ಮೇಜಿನ ಮೇಲೆ ದಿಂಬಿಟ್ಟು ಹಣೆ ಒರಗಿಸಿ ಕೂರುವ ಅಭ್ಯಾಸವನ್ನು ಒಂದು ವಾರ ಮೊದಲೇ ಮಾಡಿ ನೋಡಿ.

ನಮ್ಮ ಈ ಮಹಿಳೆಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ಹಾಕಿದರು ಎನ್ನೋಣ. ಅದು ಎರಡು ಮೂರು ವಾರದಲ್ಲಿ ಕರಗುತ್ತದೆ. ಇನ್ನೊಂದು ಅನಿಲ, ಪರ್ಫ್ಲೋರೋಪ್ರೊಪೇನ್, ಆರರಿಂದ ಎಂಟು ವಾರ ಇರುತ್ತದೆ. ಪಟ್ಟಿ ಬಿಚ್ಚಿದಾಗ ಆ ಕಣ್ಣಿಗೆ ಕೈ ಆಡಿಸಿದ್ದು ಮಾತ್ರ ಕಾಣುತ್ತದೆ. ಆಪರೇಷನ್ ಕೆಟ್ಟಿತೆಂದು ಹೆದರುವವರು ಬಹಳ. ಅನಿಲದ ಮೂಲಕ ಕಾಣುವುದೇ ಹಾಗೆ. ದಿನ ಕಳೆದಂತೆ ಮೇಲುಗಡೆ ಸ್ವಲ್ಪ ಸ್ಪಷ್ಟವಾಗಿ, ಅದರ ಕೆಳಗೆ ಅಲುಗಾಡುವ ಒಂದು ಅಡ್ಡಗೆರೆ ಕಾಣುತ್ತದೆ. ಆ ಗೆರೆ ದಿನದಿನಕ್ಕೆ ಇಳಿಯುತ್ತಾ, ಕೊನೆಗೆ ಕೆಳಗೆ ಒಂದು ಗುಂಡನೆಯ ಗುಳ್ಳೆಯಾಗಿ ಮಾಯವಾಗುತ್ತದೆ. ಮೂರನೇ ವಾರದ ಸ್ಕ್ಯಾನಿನಲ್ಲಿ ರಂಧ್ರ ಮುಚ್ಚಿದೆ. ದೃಷ್ಟಿ 6/24. ಮೂರು ತಿಂಗಳಿಗೆ 6/18. ಗೆರೆಯ ನಡುವಿನ ಖಾಲಿ ಹೋಗಿದೆ, ಆದರೆ ಸ್ವಲ್ಪ ಬಾಗು ಉಳಿದಿದೆ. ವರ್ಷದ ಹೊತ್ತಿಗೆ ಮತ್ತೆ ಮಂಜಾಗತೊಡಗುತ್ತದೆ. ಇದು ರಂಧ್ರ ಮತ್ತೆ ತೆರೆದುಕೊಂಡದ್ದಲ್ಲ, ಕಣ್ಣಿನ ಪೊರೆ. ಐವತ್ತು ದಾಟಿದವರಿಗೆ ವಿಟ್ರೆಕ್ಟಮಿ ಆದರೆ ಎರಡು ವರ್ಷದೊಳಗೆ ಪೊರೆ ಬಲಿಯುವುದು ಬಹುತೇಕ ಖಚಿತ. ಹಾಗಾಗಿಯೇ ಕೆಲವು ಸರ್ಜನ್ನರು ಎರಡನ್ನೂ ಒಂದೇ ಸಲಕ್ಕೆ ಮಾಡುತ್ತಾರೆ. ಪೊರೆ ತೆಗೆದು ಲೆನ್ಸ್ ಹಾಕಿದ ಮೇಲೆ ಇವರ ದೃಷ್ಟಿ 6/12ರಲ್ಲಿ ನಿಲ್ಲುತ್ತದೆ. ಇದೇ ರಂಧ್ರ ಎರಡು ವರ್ಷ ಹಳೆಯದಾಗಿ, 700 ಮೈಕ್ರಾನ್ ಆಗಿದ್ದರೆ? ಮುಚ್ಚುವ ಸಾಧ್ಯತೆ ಕಡಿಮೆ. ಮುಚ್ಚಿದರೂ ಓದುವ ದೃಷ್ಟಿ ಬರದಿರಬಹುದು.

ಅನಿಲ ಕಣ್ಣಿನಲ್ಲಿರುವಷ್ಟು ದಿನ ವಿಮಾನ ಹತ್ತಬಾರದು, ಎತ್ತರದ ಬೆಟ್ಟಕ್ಕೂ ಹೋಗಬಾರದು. ಹೊರಗಿನ ಒತ್ತಡ ಇಳಿದಾಗ ಗುಳ್ಳೆ ಹಿಗ್ಗಿ, ಕಣ್ಣಿನೊಳಗಿನ ಒತ್ತಡ ಏರಿ, ರಕ್ತ ಹರಿಯುವುದೇ ನಿಲ್ಲುತ್ತದೆ. ಬೇರೆ ಯಾವುದಾದರೂ ಆಪರೇಷನ್ನಿಗೆ, ಹಲ್ಲಿನದಾದರೂ ಸರಿ, ಅರಿವಳಿಕೆ ಕೊಡುವವರಿಗೆ ಕಣ್ಣಿನಲ್ಲಿ ಅನಿಲವಿದೆ ಎಂದು ಹೇಳಲೇಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೆ ಅದು ಗುಳ್ಳೆಯೊಳಗೆ ನುಗ್ಗಿ ಅದೇ ಅನಾಹುತ ಮಾಡುತ್ತದೆ. ಕಣ್ಣಿನಲ್ಲಿ ಅನಿಲವಿದೆ ಎಂದು ತಿಳಿಸಲು ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ ಪಟ್ಟಿಯನ್ನು ವೈದ್ಯರು ಹೇಳುವವರೆಗೆ ಬಿಚ್ಚಬೇಡಿ.

ಈಗ ಮೆಂಬ್ರೇನ್. ಬಹಳಷ್ಟು ಮೆಂಬ್ರೇನ್‌ಗಳು ವರ್ಷಗಟ್ಟಲೆ ಹಾಗೆಯೇ ಇದ್ದುಬಿಡುತ್ತವೆ. ಸ್ಕ್ಯಾನಿನಲ್ಲಿ ಕಂಡಿತು ಎನ್ನುವುದೇ ತೆಗೆಯಲು ಕಾರಣವಲ್ಲ. ಅರವತ್ತೆಂಟು ವರ್ಷದವರೊಬ್ಬರ ದೃಷ್ಟಿ 6/9, ಒಂದು ಕಣ್ಣು ಮುಚ್ಚಿದಾಗ ಮಾತ್ರ ಗೆರೆ ಅಲೆಯಾಗುತ್ತದೆ, ಎರಡೂ ತೆರೆದಾಗ ತೊಂದರೆಯಿಲ್ಲ ಎಂದಾದರೆ ಆಪರೇಷನ್ ಬೇಡ ಎಂದೇ ನನ್ನ ಸ್ಪಷ್ಟ ಅಭಿಪ್ರಾಯ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಚೌಕಳಿಯ ಹಾಳೆ ಹೋಲಿಸಿ ನೋಡಿದರೆ ಸಾಕು. ಯಾವ ಹನಿ ಔಷಧಿಯೂ, ಮಾತ್ರೆಯೂ ಮೆಂಬ್ರೇನ್ ಕರಗಿಸುವುದಿಲ್ಲ.

ಹಾಗಾದರೆ ಯಾವಾಗ? ಎರಡೂ ಕಣ್ಣು ತೆರೆದಿದ್ದಾಗಲೂ ತೊಂದರೆ ಶುರುವಾದಾಗ. ಓದುವಾಗ ಸಾಲು ಒಂದರ ಮೇಲೊಂದು ಹತ್ತುತ್ತದೆ, ಮೆಟ್ಟಿಲಿನ ಅಂಚು ಎಲ್ಲಿದೆಯೆಂದು ಗೊತ್ತಾಗುವುದಿಲ್ಲ, ಎರಡೆರಡು ಕಾಣುತ್ತದೆ, ವಾಹನ ಓಡಿಸಲು ಧೈರ್ಯ ಸಾಲುತ್ತಿಲ್ಲ. ಅಥವಾ ಒಂದು ಸ್ಕ್ಯಾನಿನಿಂದ ಇನ್ನೊಂದಕ್ಕೆ ದೃಷ್ಟಿ ಇಳಿಯುತ್ತಲೇ ಇದೆ, 6/9 ಇದ್ದದ್ದು 6/18 ಆಗಿದೆ. ಸ್ಕ್ಯಾನಿನಲ್ಲಿ ಗುಳಿ ಮುಚ್ಚಿಹೋಗಿ, ಅದರ ಮೇಲೆ ಇರಬಾರದ ಒಳಪದರಗಳು ಹರಡತೊಡಗಿದ್ದರೆ ಇನ್ನು ಬಹಳ ಕಾಯಬಾರದು. ತೀರಾ ಕೆಟ್ಟ ಮೇಲೆ ತೆಗೆದರೆ ವಾಪಸು ಬರುವುದು ಕಡಿಮೆ. ಅಂದರೆ ದೃಷ್ಟಿ ಚೆನ್ನಾಗಿರುವಾಗ ಆಪರೇಷನ್ ಬೇಡ, ಪೂರ್ತಿ ಹದಗೆಡುವವರೆಗೂ ಕಾಯುವುದೂ ಬೇಡ. ಈ ನಡುವಿನ ಹೊತ್ತನ್ನು ಗುರುತಿಸುವವರು ರೋಗಿಯೇ, ಏಕೆಂದರೆ ತೊಂದರೆ ಎಷ್ಟೆಂದು ಗೊತ್ತಿರುವುದು ಅವರಿಗೆ.

ಆಪರೇಷನ್ ಅದೇ ವಿಟ್ರೆಕ್ಟಮಿ, ಆದರೆ ಇಲ್ಲಿ ಸುಲಿಯುವುದು ಮೆಂಬ್ರೇನ್ ಅನ್ನು. ಅದು ಮತ್ತೆ ಬೆಳೆಯದಿರಲಿ ಎಂದು ಕೆಳಗಿನ ತೆಳು ಪದರವನ್ನೂ ಹಲವರು ತೆಗೆಯುತ್ತಾರೆ. ರಂಧ್ರವಿಲ್ಲದ್ದರಿಂದ ಸಾಮಾನ್ಯವಾಗಿ ಅನಿಲವೂ ಬೇಡ, ಮುಖ ಕೆಳಗೆ ಮಾಡುವುದೂ ಬೇಡ. ಹತ್ತರಲ್ಲಿ ಏಳೆಂಟು ಮಂದಿಗೆ ದೃಷ್ಟಿ ಸುಧಾರಿಸುತ್ತದೆ, ಚಾರ್ಟಿನಲ್ಲಿ ಎರಡು ಸಾಲಿನಷ್ಟು ಎಂದಿಟ್ಟುಕೊಳ್ಳಿ. ಆದರೆ ಅದು ಮರುದಿನ ಬರುವುದಲ್ಲ. ವರ್ಷಗಳಿಂದ ಸುಕ್ಕಾದ ರೆಟಿನಾ ಸಡಿಲಗೊಳ್ಳಲು ಆರು ತಿಂಗಳು, ಕೆಲವರಿಗೆ ವರ್ಷ ಬೇಕು. ಗೆರೆಯ ಅಲೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಗೆರೆ ಮತ್ತೆ ರೂಲು ದೊಣ್ಣೆಯಷ್ಟು ನೇರವಾಗಬೇಕು ಎನ್ನುವ ನಿರೀಕ್ಷೆಯಿಂದ ಬರುವವರಿಗೆ ಇದನ್ನು ಆಪರೇಷನ್ನಿಗೆ ಮೊದಲೇ ಬಿಡಿಸಿ ಹೇಳಬೇಕು.

ಎರಡರಲ್ಲೂ ಅಪಾಯ ಒಂದೇ ಬಗೆಯದು. ನೂರರಲ್ಲಿ ಒಬ್ಬಿಬ್ಬರಿಗೆ ರೆಟಿನಾ ಬದಿಯಲ್ಲಿ ಹರಿದು ಕಳಚಿಕೊಳ್ಳುತ್ತದೆ. ಆಗ ಇನ್ನೊಂದು ಆಪರೇಷನ್ ಬೇಕು. ಕಣ್ಣಿನೊಳಗೆ ಸೋಂಕು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಬಂದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಮನೆಗೆ ಹೋದ ಮೇಲೆ ನೋವು ಹೆಚ್ಚುತ್ತಿದ್ದರೆ, ಕಣ್ಣು ಕೆಂಪೇರಿ ದೃಷ್ಟಿ ಇಳಿಯುತ್ತಿದ್ದರೆ ಮುಂದಿನ ಭೇಟಿಯ ದಿನದವರೆಗೆ ಕಾಯಬೇಡಿ. ಆಪರೇಷನ್ ಆದ ಕಣ್ಣಿನಲ್ಲಿ ಸ್ವಲ್ಪ ಕಿರಿಕಿರಿ, ಮರಳು ಬಿದ್ದಂತೆ ಇರುವುದು ಸಹಜ. ದಿನದಿಂದ ದಿನಕ್ಕೆ ಹೆಚ್ಚುವ ನೋವು ಸಹಜವಲ್ಲ.

ಸಭಿಕರೊಬ್ಬರು ಕೇಳಿದರು: ಒಂದು ಕಣ್ಣಿಗೆ ರಂಧ್ರವಾದರೆ ಇನ್ನೊಂದಕ್ಕೂ ಆಗುತ್ತದೆಯೇ? ಅದಕ್ಕೆ ಉತ್ತರ ಇನ್ನೊಂದು ಕಣ್ಣಿನ ಜೆಲ್ ಎಲ್ಲಿದೆ ಎನ್ನುವುದರಲ್ಲಿದೆ. ಅಲ್ಲಿ ಜೆಲ್ ಮ್ಯಾಕ್ಯುಲಾದಿಂದ ಆಗಲೇ ಪೂರ್ತಿ ಬಿಟ್ಟುಕೊಂಡಿದ್ದರೆ ಎಳೆಯುವುದಕ್ಕೆ ಏನೂ ಉಳಿದಿಲ್ಲ, ರಂಧ್ರವಾಗುವ ಸಾಧ್ಯತೆ ಬಹಳ ಕಡಿಮೆ. ಇನ್ನೂ ಗುಳಿಗೆ ಅಂಟಿಕೊಂಡಿದ್ದರೆ, ಹತ್ತರಲ್ಲಿ ಒಬ್ಬರಿಗೆ ಎನ್ನುವಷ್ಟರ ಆಸುಪಾಸಿನಲ್ಲಿ, ಮುಂದಿನ ವರ್ಷಗಳಲ್ಲಿ ಅಲ್ಲೂ ಆಗಬಹುದು. ಹಾಗಾಗಿ ಮೊದಲ ದಿನವೇ ಎರಡೂ ಕಣ್ಣಿಗೆ ಸ್ಕ್ಯಾನ್ ಮಾಡಿಸಿ. ಅಂಟಿಕೊಂಡಿದೆ ಎಂದು ಬಂದರೆ ವಾರಕ್ಕೊಮ್ಮೆ ಆ ಕಣ್ಣೊಂದರಿಂದಲೇ ಚೌಕಳಿಯ ಚುಕ್ಕೆ ನೋಡುವ ರೂಢಿ ಇಟ್ಟುಕೊಳ್ಳಿ, ಬದಲಾವಣೆ ಕಂಡ ವಾರವೇ ಹೋಗಿ.